ನಡಾವಳಿಯಲ್ಲಿ ಜಗಳ ಬರೆಯುವುದು ಹೇಗೆ?

ಹೇಮಾವತಿ ನಾಲೆಯ ನೀರು ಬಳಕೆದಾರರ ಸಂಘದ ಸಭೆ ಅಂದುಕೊಳ್ಳಿ. ಹೊಳೆನರಸೀಪುರದ ಕಡೆಯದ್ದೋ, ಚನ್ನರಾಯಪಟ್ಟಣದ ಕಡೆಯದ್ದೋ ಇರಲಿ. ಕೊನೆಭಾಗದ ರೈತರಿಗೆ ನೀರು ಬಂದಿಲ್ಲ, ಮಾತು ಏರಿದೆ.

ಕಾರ್ಯದರ್ಶಿ ಬರೆದದ್ದು: "ಮೇಲ್ಭಾಗದವರು ತೂಬು ತೆರೆದಿಟ್ಟು ನೀರು ಕದ್ದ ಬಗ್ಗೆ ಕೊನೆಭಾಗದವರು ಗಲಾಟೆ ಮಾಡಿದರು." ಒಂದೇ ಸಾಲು, ಎರಡೂ ಕಡೆಗೆ ಬೈಗುಳ! ಕಳವು ಇನ್ನೂ ಸಾಬೀತಾಗಿಲ್ಲ. ಗಲಾಟೆ ಅನ್ನೋದು ಬರೆದವರ ತೀರ್ಪು.

ಹೀಗೆ ಬರೆಯಿರಿ: "ತಮ್ಮ ಸರದಿಯಲ್ಲಿ ನೀರು ತಲುಪಲಿಲ್ಲವೆಂದು ಕೊನೆಭಾಗದ ಸದಸ್ಯರು ತಿಳಿಸಿದರು. ತೂಬನ್ನು ಸಮಯಕ್ಕೆ ಮುಚ್ಚಲಾಗಿತ್ತೆಂದು ಮೇಲ್ಭಾಗದ ಸದಸ್ಯರು ತಿಳಿಸಿದರು. ಒಮ್ಮತ ಮೂಡಲಿಲ್ಲ."

ಎರಡು ಕಡೆಗೂ ಒಂದೇ ಕ್ರಿಯಾಪದ, ಗಮನಿಸಿದಿರಾ? ಒಬ್ಬರು "ತಿಳಿಸಿದರು", ಇನ್ನೊಬ್ಬರು "ಆರೋಪಿಸಿದರು" ಅಂದರೆ ಪಕ್ಷ ವಹಿಸಿದಂತೆಯೇ.

ಹಾಗಂತ "ವಿಷಯ ಚರ್ಚಿಸಲಾಯಿತು" ಎಂದು ಜಾರಿಕೊಳ್ಳಬೇಡಿ. ನೀರು ಬರದವರ ದೂರೇ ಅಲ್ಲಿ ಮಾಯವಾಗುತ್ತದೆ, ಮುಂದಿನ ಸಭೆಯಲ್ಲಿ ಜಗಳ ದುಪ್ಪಟ್ಟು.

ನಿರ್ಣಯ ಬೇರೆ ಸಾಲಿನಲ್ಲಿರಲಿ: ತೂಬನ್ನು ಯಾರು, ಯಾವ ದಿನ ಪರಿಶೀಲಿಸಬೇಕು. ಮತಕ್ಕೆ ಹಾಕಿದ್ದರೆ ಪರ ಎಷ್ಟು, ವಿರೋಧ ಎಷ್ಟು. ವಿರೋಧಿಸಿದವರು ಕೇಳಿದರೆ ಅವರ ಹೆಸರು, ಅವರೇ ಕೊಟ್ಟ ಕಾರಣ.

ಸಹಿಗೆ ಮೊದಲು ಎರಡೂ ಕಡೆಯವರ ಮುಂದೆ ಓದಿ. "ನಾನು ಹೇಳಿದ್ದು ಹೀಗಲ್ಲ" ಅಂದರೆ ಅವರ ಮಾತನ್ನು ತಿದ್ದಿ. ಎದುರಿನವರ ಮಾತನ್ನು ತಿದ್ದಲು ಮಾತ್ರ ಬಿಡಬೇಡಿ.