ಬೋರ್ಡಿಗೊಂದು ಬಣ್ಣ, ಬಿಲ್ಲಿಗೊಂದು ಬಣ್ಣ ಯಾಕೆ? ಪ್ರಿಂಟರ್ ಕೈಗೆ ಈ ಒಂದು ಹಾಳೆ ಕೊಡಿ

ತುಮಕೂರು: ಸತ್ಯಮಂಗಲದಲ್ಲಿ ಒಂದು ಬೇಕರಿ ಇದೆ ಅಂತ ಇಟ್ಟುಕೊಳ್ಳಿ. ಫ್ಲೆಕ್ಸ್ ಒಂದು ಕಡೆ, ಬಿಲ್ ಬುಕ್ ಇನ್ನೊಂದು ಕಡೆ, ಕೇಕ್ ಬಾಕ್ಸ್ ಮತ್ತೊಂದು ಕಡೆ ಪ್ರಿಂಟ್ ಆಗುತ್ತೆ. ಬೋರ್ಡಿನ ಕೆಂಪು ಬಾಕ್ಸಿನಲ್ಲಿ ಕಿತ್ತಳೆ ಆಗಿರುತ್ತೆ, ಅಕ್ಷರದ ಆಕಾರವೂ ಬೇರೆ. ಇದಕ್ಕೆ ಪರಿಹಾರ ಒಂದು ಹಾಳೆ, ಜೊತೆಗೆ ಒಂದು ಫೈಲ್.

ಮೊದಲು ಫೈಲ್. ಲೋಗೋ ಮಾಡಿಸಿದಾಗಲೇ ಡಿಸೈನರ್ ಹತ್ತಿರ ಕೋರಲ್‌ಡ್ರಾ ಫೈಲ್ ಮತ್ತು ಪಿಡಿಎಫ್ ಎರಡನ್ನೂ ಕೇಳಿ ಪಡೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದರೆ ಅದು ಕುಗ್ಗುತ್ತೆ, ಬೋರ್ಡಿನ ಅಳತೆಗೆ ಹಿಗ್ಗಿಸಿದಾಗ ಅಂಚು ಒಡೆಯುತ್ತೆ. ಹಾಗಾಗಿ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಹಳೇ ಸಾಫ್ಟ್‌ವೇರಿನಲ್ಲಿ ‘ಸತ್‌ಯಮಂಗಲ’ ಅಂತ ಒಡೆದು ಬರಬಹುದು. ಅದಕ್ಕೇ ಹೆಸರನ್ನು ಕೋರಲ್‌ಡ್ರಾದಲ್ಲಿ ಸೆಲೆಕ್ಟ್ ಮಾಡಿ `Ctrl+Q` ಒತ್ತಿಸಿ. ಆಗ ಅಕ್ಷರ ಚಿತ್ರರೂಪದ ಗೆರೆಯಾಗುತ್ತೆ, ಫಾಂಟ್ ಬೇಕಾಗಲ್ಲ. ಆಮೇಲೆ ಕಾಗುಣಿತ ತಿದ್ದೋಕೆ ಆಗಲ್ಲ, ಆದ್ದರಿಂದ ಟೈಪ್ ಮಾಡಿದ ಪ್ರತಿ ಒಂದನ್ನು ಬೇರೆ ಉಳಿಸಿಕೊಳ್ಳಿ.

ಇನ್ನು ಹಾಳೆ. ಅದರಲ್ಲಿ ಬಣ್ಣವನ್ನು ‘ಕೆಂಪು’ ಅಂತ ಬರೆದರೆ ಸಾಲದು, ಸಂಖ್ಯೆ ಬೇಕು. ನಮ್ಮ ಬೇಕರಿಯದ್ದು ಕಡುಗೆಂಪು ಅಂದರೆ ಪ್ರಿಂಟಿಗೆ C 0, M 100, Y 100, K 40. ಮೊಬೈಲ್ ಪೋಸ್ಟರಿಗೆ `#990000`. ಇಷ್ಟಾದರೂ ಫ್ಲೆಕ್ಸ್ ಮತ್ತು ಕಾಗದದಲ್ಲಿ ಬಣ್ಣ ಅಚ್ಚುಕಟ್ಟಾಗಿ ಒಂದೇ ಬರಲ್ಲ. ಬಿಲ್ ಬುಕ್ಕಿಗೆ ಎಷ್ಟೋ ಸಲ ಡಬ್ಬಿಯ ಒಂದೇ ಇಂಕು ಬಳಸ್ತಾರೆ, ಅಲ್ಲಿ ಈ ಸಂಖ್ಯೆ ನಡೆಯಲ್ಲ. ಒಪ್ಪಿದ ಬಣ್ಣದ ಪ್ರಿಂಟ್ ಚೂರೊಂದನ್ನು ಹಾಳೆಗೆ ಅಂಟಿಸಿ, ‘ಇದಕ್ಕೆ ಹೊಂದಿಸಿ’ ಅನ್ನಿ. ಬಿಸಿಲಿಗೆ ಮಾಸಿದ ಹಳೇ ಬೋರ್ಡನ್ನು ಮಾದರಿ ಮಾಡಬೇಡಿ.

ಲೋಗೋ ಎಷ್ಟು ಚಿಕ್ಕದಾಗಬಹುದು ಅಂತಲೂ ಬರೆಯಿರಿ. ಒಂದು ಇಂಚು ಅಗಲಕ್ಕೆ ಪ್ರಿಂಟ್ ತೆಗೆದು ‘ತ್ಯ’ದ ಒತ್ತು ನೋಡಿ. ಇಂಕು ತುಂಬಿ ಮುದ್ದೆಯಾಗಿದ್ದರೆ ಆ ಅಳತೆಗೆ ಚಿತ್ರ ಬಿಟ್ಟು ಬರೀ ಹೆಸರು ಹಾಕಿಸಿ. ಸೀಲಿಗೆ, ಬಿಲ್ಲಿಗೆ ಕಪ್ಪು-ಬಿಳುಪು ಲೋಗೋ ಪ್ರತ್ಯೇಕ ಇರಲಿ.

ಬೋರ್ಡಿಗೆ ಒಂದು ಸಾಲು ಖಾಯಂ: ನಾಮಫಲಕದಲ್ಲಿ ಶೇ. 60 ಕನ್ನಡ. 2024ರ ತಿದ್ದುಪಡಿಯ ನಂತರ ಇದು ರಾಜ್ಯದ ಕಾನೂನು.

ಕೊನೆಗೆ, ಪೂರ್ತಿ ಆರ್ಡರ್ ಓಡಿಸೋ ಮೊದಲು ಒಂದು ಸ್ಯಾಂಪಲ್ ಕೇಳಿ. ಒತ್ತಕ್ಷರ, ಫೋನ್ ನಂಬರ್, ಬಣ್ಣ ಮೂರನ್ನೂ ಹಾಳೆ ಪಕ್ಕದಲ್ಲಿಟ್ಟು ನೋಡಿ, ಸರಿ ಇದ್ದರೆ ಸಹಿ, ತಾರೀಖು ಹಾಕಿ ಕೊಡಿ. ಮುಂದೆ ತಕರಾರು ಬಂದರೆ ತೋರಿಸೋಕೆ ಅದೇ ದಾಖಲೆ.