ಎಣಿಸಲಾರದ ಯಂತ್ರವನ್ನು ಛೇದನದಿಂದ ಹಿಡಿಯುವುದು

a ಮತ್ತು b ಎಂಬ ಎರಡೇ ಅಕ್ಷರಗಳ ಸಾಲೊಂದನ್ನು ಯಂತ್ರವೊಂದು ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತದೆ. ಅದಕ್ಕೆ ಲೆಕ್ಕ ಬರೆದಿಟ್ಟುಕೊಳ್ಳಲು ಕಾಗದವಿಲ್ಲ. ಇರುವುದು ಮೊದಲೇ ಗೊತ್ತುಮಾಡಿದ ಕೆಲವು ಸ್ಥಿತಿಗಳು ಮಾತ್ರ. ಒಂದೊಂದು ಅಕ್ಷರ ಓದಿದಾಗಲೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುತ್ತದೆ, ಕೊನೆಗೆ ನಿಂತ ಸ್ಥಿತಿಯನ್ನು ನೋಡಿ ಸಾಲನ್ನು ಒಪ್ಪುತ್ತದೆ ಇಲ್ಲವೇ ತಳ್ಳಿಹಾಕುತ್ತದೆ. ಒಪ್ಪಿದ ಸಾಲುಗಳೆಲ್ಲ ಸೇರಿದ ಗಣಕ್ಕೆ ಭಾಷೆ ಎಂದು ಹೆಸರು. ಇಂಥ ಯಂತ್ರವೊಂದು ಇದ್ದರೆ ಆ ಭಾಷೆ ರೆಗ್ಯುಲರ್.

ಇಂಥ ಯಂತ್ರಕ್ಕೆ ನಿಲುಕದ ಭಾಷೆಗೆ ಹೆಸರಾಂತ ಉದಾಹರಣೆ aⁿbⁿ: ಮೊದಲು ಒಂದಷ್ಟು a, ಆಮೇಲೆ ಅಷ್ಟೇ b. ಯಂತ್ರಕ್ಕೆ ನೂರು ಸ್ಥಿತಿಗಳಿವೆ ಎನ್ನಿ. ಒಂದು a, ಎರಡು a, ಮೂರು a ಎಂದು ನೂರೊಂದು ಬಗೆಯ ಸಾಲುಗಳನ್ನು ಬೇರೆಬೇರೆಯಾಗಿ ಓದಿಸಿದರೆ, ಯಾವುದೋ ಎರಡು ಸಾಲುಗಳ ಕೊನೆಗೆ ಅದು ಒಂದೇ ಸ್ಥಿತಿಯಲ್ಲಿ ನಿಲ್ಲಲೇಬೇಕು. ಅವು 7 ಮತ್ತು 40 ಆಗಿರಲಿ. ಈಗ 7 b ಓದಿಸಿ. ಮುಂದೆ a ಎಷ್ಟು ಬಂದಿದ್ದವು ಎಂಬುದು ಯಂತ್ರಕ್ಕೆ ಮರೆತೇಹೋಗಿದೆ. ಒಂದನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕು. ಸ್ಥಿತಿಗಳು ನೂರಿರಲಿ, ಕೋಟಿಯಿರಲಿ, ಗತಿ ಇದೇ.

ಪ್ರತಿ ಭಾಷೆಗೂ ಹೀಗೆ ಮೊದಲಿಂದ ವಾದ ಹೂಡುತ್ತ ಕೂರಬೇಕಿಲ್ಲ. ರೆಗ್ಯುಲರ್ ಭಾಷೆಗಳ ಸಂಯೋಗ, ಛೇದನ, ಪೂರಕ ಎಲ್ಲವೂ ರೆಗ್ಯುಲರ್ ಆಗಿಯೇ ಉಳಿಯುತ್ತವೆ. ಶಾಲೆಯ ಗಣಿತದಲ್ಲಿ ಗಣಗಳಿಗೆ ಮಾಡಿದ ಕ್ರಿಯೆಗಳೇ ಇವು. ಪೂರಕದ್ದು ಸುಲಭ: ಒಪ್ಪುವ ಸ್ಥಿತಿಗಳನ್ನು ತಳ್ಳುವವನ್ನಾಗಿ, ತಳ್ಳುವವನ್ನು ಒಪ್ಪುವವನ್ನಾಗಿ ಮಾಡಿದರೆ ಆಯಿತು. ಛೇದನಕ್ಕೆ ಎರಡು ಯಂತ್ರಗಳನ್ನು ಒಟ್ಟಿಗೆ ಓಡಿಸಬೇಕು. ಮೈಕೆಲ್ ರಾಬಿನ್ ಮತ್ತು ಡೇನಾ ಸ್ಕಾಟ್ 1959ರ ಪ್ರಬಂಧದಲ್ಲಿ ಇದನ್ನು ಚೊಕ್ಕವಾಗಿ ಬರೆದಿಟ್ಟರು. ಅದೇ ಪ್ರಬಂಧ 1976ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ತಂದುಕೊಟ್ಟಿತು.

a ಸಮಸಂಖ್ಯೆಯಲ್ಲಿರಬೇಕು, b ಮೂರರ ಗುಣಕವಾಗಿರಬೇಕು ಎನ್ನೋಣ. ಮೊದಲನೆಯ ಯಂತ್ರಕ್ಕೆ 2 ಸ್ಥಿತಿ ಸಾಕು, ಎರಡನೆಯದಕ್ಕೆ 3. ಜೋಡಿ ಮಾಡಿದರೆ 6. abbab ಓದುವಾಗ ಜೋಡಿ (ಸಮ, 0)ರಿಂದ ಹೊರಟು (ಬೆಸ, 0), (ಬೆಸ, 1), (ಬೆಸ, 2), (ಸಮ, 2) ದಾಟಿ ಮತ್ತೆ (ಸಮ, 0)ಗೆ ಬರುತ್ತದೆ. ಇಬ್ಬರೂ ಒಪ್ಪಿದ್ದರಿಂದ ಸಾಲು ಪಾಸು. ಭಾಷೆ ರೆಗ್ಯುಲರ್ ಎನ್ನಲು ಇಷ್ಟೇ ಸಾಕು.

ಅಲ್ಲ ಎನ್ನುವುದಕ್ಕೂ ಇದೇ ಸಾಧನವನ್ನು ತಿರುಗಿಸಿ ಹಿಡಿಯಬಹುದು. aⁿbᵐ, ಆದರೆ n ಮತ್ತು m ಬೇರೆಬೇರೆ: ಈ ಭಾಷೆಯನ್ನು D ಎಂದು ಕರೆಯೋಣ. ಪಠ್ಯಪುಸ್ತಕದ ಪಂಪಿಂಗ್ ಲೆಮ್ಮಾದಿಂದ ನೇರವಾಗಿ ಹೊರಟರೆ ಫ್ಯಾಕ್ಟೋರಿಯಲ್ ಲೆಕ್ಕದವರೆಗೆ ಹೋಗಬೇಕಾಗುತ್ತದೆ. ಅದರ ಬದಲು D ರೆಗ್ಯುಲರ್ ಎಂದೇ ಇಟ್ಟುಕೊಳ್ಳಿ. ಆಗ ಅದರ ಪೂರಕವೂ ರೆಗ್ಯುಲರ್. ಆ ಪೂರಕವೇ aⁿbⁿ ಎಂದು ಅವಸರಪಡಬೇಡಿ, ವಿದ್ಯಾರ್ಥಿಗಳು ಜಾರುವುದು ಇಲ್ಲೇ. ba, abab ಮುಂತಾದ ಅಡ್ಡಾದಿಡ್ಡಿ ಸಾಲುಗಳೂ ಅದರಲ್ಲಿ ಸೇರಿಕೊಂಡಿವೆ. ಅವನ್ನು ಸೋಸಲು a*b* ಎಂಬ ಭಾಷೆಯೊಂದಿಗೆ, ಅಂದರೆ a ಎಲ್ಲ ಮುಗಿದ ಮೇಲೆಯೇ b ಬರುವ ಸಾಲುಗಳೊಂದಿಗೆ, ಛೇದಿಸಿ. ಅದಕ್ಕೆ 3 ಸ್ಥಿತಿಯ ಯಂತ್ರವಿದೆ. ಛೇದನದಲ್ಲಿ ಉಳಿಯುವುದು aⁿbⁿ ಮಾತ್ರ. ಅದೂ ರೆಗ್ಯುಲರ್ ಆಗಬೇಕಾಯಿತು. ಅದು ಅಲ್ಲವೆಂದು ಆಗಲೇ ಕಂಡಿದ್ದೇವೆ. ಹಾಗಾಗಿ D ರೆಗ್ಯುಲರ್ ಅಲ್ಲ.

ಈ ವಾದ ಒಂದೇ ದಿಕ್ಕಿಗೆ ಓಡುತ್ತದೆ. ಛೇದಿಸಿದಾಗ ರೆಗ್ಯುಲರ್ ಭಾಷೆ ಸಿಕ್ಕಿದರೆ ಮೂಲದ ಬಗ್ಗೆ ಏನೂ ತಿಳಿದಂತಾಗಲಿಲ್ಲ. ಒಂದು ಭಾಷೆ ಇನ್ನೊಂದರ ಒಳಗಿದೆ ಎಂಬುದರಿಂದಲೂ ಏನೂ ಹುಟ್ಟುವುದಿಲ್ಲ: aⁿbⁿ ಇರುವುದು ರೆಗ್ಯುಲರ್ ಆದ a*b* ಒಳಗೇ. ಸಂಯೋಗವೂ ಎಷ್ಟು ಸಲ ಬೇಕಾದರೂ ಆಗಬಹುದು, ಅನಂತವಾಗಿ ಅಲ್ಲ. ab, aabb, aaabbb ಒಂದೊಂದೇ ಸಾಲಿನ ಭಾಷೆ ರೆಗ್ಯುಲರ್. ಅಂಥವನ್ನೆಲ್ಲ ಕೊನೆಯಿಲ್ಲದೆ ಕೂಡಿಸುತ್ತ ಹೋದರೆ ಸಿಗುವುದು ಅದೇ aⁿbⁿ.

ಎಣಿಕೆಯ ವಾಸನೆ ಬಂದ ಕೂಡಲೇ ರೆಗ್ಯುಲರ್ ಅಲ್ಲ ಎಂದು ತೀರ್ಪು ಕೊಡುವ ಚಟವೂ ಕೈಕೊಡುತ್ತದೆ. ಸಾಲಿನಲ್ಲಿ ab ಎಂಬ ಜೋಡಿ ಎಷ್ಟು ಸಲ ಬಂದಿದೆಯೋ ba ಕೂಡ ಅಷ್ಟೇ ಸಲ ಬಂದಿರಬೇಕು ಎಂಬ ಭಾಷೆಯನ್ನು ನೋಡಿ. a*b* ಜೊತೆ ಛೇದಿಸಿದರೆ ಬರೀ a ಅಥವಾ ಬರೀ b ಇರುವ ಸಾಲುಗಳು ಸಿಗುತ್ತವೆ, ವಿರೋಧವೇ ಹುಟ್ಟುವುದಿಲ್ಲ. ಕಾರಣ ಇಷ್ಟೇ: ಒಮ್ಮೆ a ಇಂದ bಗೆ ದಾಟಿದ ಸಾಲು ಮತ್ತೆ ಹಾಗೆ ದಾಟಬೇಕಾದರೆ ನಡುವೆ b ಇಂದ aಗೆ ಹಿಂತಿರುಗಲೇಬೇಕು, ಆದ್ದರಿಂದ ವ್ಯತ್ಯಾಸ ಎಂದೂ ಒಂದನ್ನು ಮೀರುವುದಿಲ್ಲ. ಮೊದಲ ಮತ್ತು ಕೊನೆಯ ಅಕ್ಷರ ಒಂದೇ ಆಗಿದೆಯೇ ಎಂದು ನೋಡಿದರೆ ಮುಗಿಯಿತು. 5 ಸ್ಥಿತಿಗಳ ಯಂತ್ರ ಅದನ್ನು ಮಾಡಿಬಿಡುತ್ತದೆ.