ಆರರಲ್ಲಿ ನಾಲ್ಕು ಎಂದರೆ ಪಾಸಲ್ಲ: ಪಾರ್ಶ್ವವಾಯುವಿನ ನಂತರದ ವರದಿಯನ್ನು ಓದುವ ಬಗೆ

ನಾನು ಅಮೆರಿಕದಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್. ನಮ್ಮವರು ಇದನ್ನು ಫಿಸಿಯೋಥೆರಪಿಯ ತಂಗಿ ಎಂದುಕೊಳ್ಳುವುದುಂಟು. ಸ್ಟ್ರೋಕ್ ಆದವರು ಮತ್ತೆ ನಡೆಯುವಂತೆ ಮಾಡುವುದರಲ್ಲಿ ಫಿಸಿಯೋಥೆರಪಿಸ್ಟರ ಪಾತ್ರ ದೊಡ್ಡದು. ನಡೆದುಹೋಗಿ ಸ್ನಾನ ಮಾಡಿ, ಅಂಗಿ ತೊಟ್ಟು, ಊಟ ಮಾಡಬಲ್ಲರೇ ಎಂದು ನೋಡುವುದು ನನ್ನ ಕೆಲಸ. ನೋಡಿದ್ದನ್ನು ವರದಿಯಾಗಿ ಬರೆಯಬೇಕು. ಅದನ್ನು ಮನೆಯವರೂ ಓದುತ್ತಾರೆ, ಇನ್ಶೂರೆನ್ಸ್ ಕಂಪನಿಯವರೂ ಓದುತ್ತಾರೆ. ಹಾಗೊಂದು ವರದಿಯಲ್ಲಿ ನಾನೇ ಎಡವಿದ ಕಥೆಯನ್ನು ಇಂದು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರೋಗಿ ನಮ್ಮವರೇ. 58 ವರ್ಷ, ಸಾಫ್ಟ್‌ವೇರ್ ಕೆಲಸ. ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಆಗಿ ಎಡಗೈ ಎಡಗಾಲಿನ ಶಕ್ತಿ ಕುಗ್ಗಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕೋಲು ಹಿಡಿದು ನಡೆಯುತ್ತಿದ್ದರು. ಮಾತು ಸ್ಪಷ್ಟವಾಗಿತ್ತು, ಹಾಸ್ಯಪ್ರಜ್ಞೆಯೂ ಹಾಗೇ ಇತ್ತು. ಹೆಂಡತಿ ಕೆಲಸಕ್ಕೆ ಮರಳಿದ್ದರು. ಹಗಲು ಮನೆಯಲ್ಲಿ ಜೊತೆಗಿದ್ದವರು ಊರಿನಿಂದ ಬಂದಿದ್ದ 82 ವರ್ಷದ ತಾಯಿ. ಅವರಿಗೆ ಇಂಗ್ಲಿಷ್ ಬಾರದು, 911ಕ್ಕೆ ಫೋನ್ ಮಾಡಿ ಅಭ್ಯಾಸವಿಲ್ಲ.

ನನ್ನ ಮೊದಲ ವರದಿಯ ಸಾರಾಂಶ ಇಷ್ಟು: “ರೋಗಿ ಚೆನ್ನಾಗಿ ಸುಧಾರಿಸುತ್ತಿದ್ದಾರೆ. ಅಂಗಿ ತೊಡುವುದು 4, ಊಟ 4, ಸ್ನಾನ 3. ಥೆರಪಿ ಮುಂದುವರಿಸಬೇಕು.” ಒಂದು ಮಾತೂ ಸುಳ್ಳಲ್ಲ. ಆದರೆ ವಾರದೊಳಗೆ ಇನ್ಶೂರೆನ್ಸ್ ಕಂಪನಿಯ ಪತ್ರ ಬಂತು. ಉಳಿದಿರುವ ಸಹಾಯವನ್ನು ಮನೆಯವರೇ ಕೊಡಬಹುದು, ತರಬೇತಾದ ಥೆರಪಿಸ್ಟರ ಅಗತ್ಯ ಕಾಣುವುದಿಲ್ಲ, ಹಾಗಾಗಿ ಮುಂದಿನ ಭೇಟಿಗಳಿಗೆ ಮಂಜೂರಾತಿ ಇಲ್ಲ ಎಂದಿತ್ತು.

ತಪ್ಪು ಎಲ್ಲಿ? ಮೊದಲು ಆ ಅಂಕಗಳನ್ನು ನೋಡೋಣ. ಇಲ್ಲಿನ ಪುನರ್ವಸತಿ ಕೇಂದ್ರಗಳಲ್ಲೂ ಹೋಮ್ ಹೆಲ್ತ್‌ನಲ್ಲೂ ಮೆಡಿಕೇರ್ ರೂಪಿಸಿದ 1ರಿಂದ 6ರವರೆಗಿನ ಮಾಪನ ಬಳಕೆಯಲ್ಲಿದೆ. 6 ಎಂದರೆ ಯಾರ ಸಹಾಯವೂ ಬೇಡ. 5 ಎಂದರೆ ಸಾಮಾನು ಜೋಡಿಸಿಕೊಟ್ಟರೆ ಸಾಕು, ಕೆಲಸ ಅವರೇ ಮಾಡುತ್ತಾರೆ. 4 ಎಂದರೆ ಪಕ್ಕದಲ್ಲಿ ಒಬ್ಬರಿದ್ದು ಬಾಯಲ್ಲಿ ಹೇಳಬೇಕು ಅಥವಾ ಸ್ವಲ್ಪ ಕೈ ತಾಗಿಸಬೇಕು. 3ರಲ್ಲಿ ಸಹಾಯಕರು ಅರ್ಧಕ್ಕಿಂತ ಕಡಿಮೆ ಶ್ರಮ ಹಾಕುತ್ತಾರೆ, 2ರಲ್ಲಿ ಅರ್ಧಕ್ಕಿಂತ ಹೆಚ್ಚು. 1 ಎಂದರೆ ಪೂರ್ತಿ ಅವಲಂಬನೆ.

ಮನೆಯವರು 4 ಎಂಬುದನ್ನು ಪರೀಕ್ಷೆಯ ಅಂಕದಂತೆ ಓದಿದರು. ಆರಕ್ಕೆ ನಾಲ್ಕು, ಫಸ್ಟ್ ಕ್ಲಾಸ್! ಕಂಪನಿಯವರೂ ಹೆಚ್ಚುಕಡಿಮೆ ಹಾಗೆಯೇ ಓದಿದರು. ಆದರೆ 4ರ ನಿಜವಾದ ಅರ್ಥ, ಆ ಕೆಲಸ ಮಾಡುವಾಗ ಇವರನ್ನು ಒಬ್ಬರನ್ನೇ ಬಿಡುವಂತಿಲ್ಲ ಎಂದು. ಆ ಮಾತನ್ನು ನಾನು ಬರೆದಿರಲಿಲ್ಲ. ಏಕೆ ಬಿಡುವಂತಿಲ್ಲ ಎಂಬುದನ್ನಂತೂ ಬರೆದೇ ಇರಲಿಲ್ಲ.

ಕಾರಣ ಕೈಯಲ್ಲಿರಲಿಲ್ಲ, ಗಮನದಲ್ಲಿತ್ತು. ಬಲ ಮೆದುಳಿಗೆ ಪೆಟ್ಟಾದ ಕೆಲವರಿಗೆ ಎಡಗಡೆಯ ಜಗತ್ತೇ ಮನಸ್ಸಿಗೆ ಬರುವುದಿಲ್ಲ. ಇದನ್ನು ನೆಗ್ಲೆಕ್ಟ್ ಎನ್ನುತ್ತೇವೆ. ಕಣ್ಣು ಸರಿಯಿದ್ದರೂ ಎಡಕ್ಕೆ ಏನೋ ಇದೆ ಎಂಬ ಅರಿವೇ ಹುಟ್ಟುವುದಿಲ್ಲ. ಅರಿವೇ ಇಲ್ಲದ ಮೇಲೆ ರೋಗಿ ಅದರ ಬಗ್ಗೆ ದೂರುವುದೂ ಇಲ್ಲ. ಕೇಳಿದರೆ “ನಾನು ಆರಾಮಾಗಿದ್ದೀನಿ” ಎನ್ನುತ್ತಾರೆ.

ಇದು ಮೊದಲೇ ಮನೆಯವರ ಕಣ್ಣಿಗೆ ಬೀಳದಿರಲು ಕಾರಣ ಪ್ರೀತಿ. ತಾಯಿ ಮಗನಿಗೆ ಅನ್ನ ಕಲಸಿ ತುತ್ತು ಕೊಡುತ್ತಿದ್ದರು. ಅಂಗಿ ತೊಡಿಸುತ್ತಿದ್ದರು. ಕಂಪನಿಯ ನರ್ಸ್ ಫೋನ್ ಮಾಡಿ ವಿಚಾರಿಸಿದಾಗ ಸೊಸೆಯ ಮೂಲಕ ಅಜ್ಜಿ ಹೇಳಿಸಿದ ಉತ್ತರ: “ನನ್ನ ಮಗ ಎಲ್ಲಾ ತಾನೇ ಮಾಡ್ಕೋತಾನೆ.” ಮಗನನ್ನು ಬೇರೆಯವರ ಮುಂದೆ ಬಿಟ್ಟುಕೊಡದ ತಾಯಿಯ ಮಾತು ಅದು. ಆದರೆ ಅದೂ ಫೈಲಿಗೆ ಸೇರಿತು.

ಮತ್ತೊಮ್ಮೆ ಪರೀಕ್ಷಿಸಲು ಅವಕಾಶ ಕೇಳಿಕೊಂಡು ಹೋದೆ. “ಅಮ್ಮಾ, ಇವತ್ತೊಂದು ದಿನ ನೀವು ಕೈ ಹಾಕಬೇಡಿ, ಸುಮ್ಮನೆ ಕೂತು ನೋಡಿ” ಎಂದೆ. ಅವರಿಗೆ ಕಷ್ಟವಾಯಿತು, ಸೆರಗು ಹಿಡಿದುಕೊಂಡು ಕೂತರು. ತಟ್ಟೆಯಲ್ಲಿ ಬಲಕ್ಕೆ ಅನ್ನ ಸಾರು, ಎಡಕ್ಕೆ ಪಲ್ಯ, ಮೊಸರು. ಮಗ ಬಲಗಡೆಯದ್ದನ್ನು ಪೂರ್ತಿ ತಿಂದು “ಪಲ್ಯ ಹಾಕಲಿಲ್ವಾ ಅಮ್ಮ?” ಎಂದು ಕೇಳಿದರು. ಅಂಗಿ ತೊಡುವಾಗ ಮೊದಲು ಬಲಗೈ ಹಾಕಿದರು, ಎಡತೋಳು ಹಿಂದೆ ನೇತಾಡುತ್ತಿತ್ತು, “ಆಯ್ತು” ಎಂದರು. ಚಹಾ ಕಾಯಿಸಲು ಹೇಳಿದಾಗ ಎಡಗಡೆಯ ಒಲೆ ಉರಿಯುತ್ತಿದ್ದರೂ ಅದರ ಪಕ್ಕದಲ್ಲೇ ಎಡಗೈ ಊರಲು ಹೋದರು. ನಾನು ಕೈ ಹಿಡಿದು ಎಳೆದೆ.

ಎರಡನೆಯ ವರದಿಯಲ್ಲಿ ಅಂಕಗಳು ಅವೇ, 4, 4, 3. ಬದಲಾದದ್ದು ಪ್ರತಿ ಅಂಕದ ಹಿಂದಿನ ವಾಕ್ಯ. “ಊಟ 4: ತಟ್ಟೆಯ ಎಡ ಅರ್ಧವನ್ನು ಮುಟ್ಟಲಿಲ್ಲ. ಮೂರು ಸಲ ಹೇಳಿದ ಮೇಲೆ ಎಡಕ್ಕೆ ನೋಡಿದರು. ಅಂಗಿ 4: ತೊಟ್ಟಿಲ್ಲ ಎಂಬುದು ಅವರಿಗೆ ತಿಳಿಯಲಿಲ್ಲ. ಒಲೆ: ಸುಟ್ಟುಕೊಳ್ಳುವುದನ್ನು ತಪ್ಪಿಸಲು ಕೈ ಹಿಡಿಯಬೇಕಾಯಿತು. ಹಗಲು ಜೊತೆಗಿರುವವರು 82 ವರ್ಷದವರು, ತುರ್ತು ಕರೆ ಮಾಡಲಾರರು.”

ಆಮೇಲೆ ಗುರಿ. “ಸ್ವಾವಲಂಬನೆ ಹೆಚ್ಚಿಸುವುದು” ಎಂದು ಬರೆದರೆ ಅಳೆಯಲಾಗುವುದಿಲ್ಲ. ಹೀಗೆ ಬರೆದೆ: “ಎರಡು ವಾರದಲ್ಲಿ, ಮಂಚದ ಅಂಚಿನಲ್ಲಿ ಕುಳಿತು, ಒಂದೇ ಸಲ ಜ್ಞಾಪಿಸಿದರೆ, 5 ಸಲದಲ್ಲಿ 4 ಸಲ ಎಡತೋಳಿನಿಂದ ಶುರುಮಾಡಿ ಅಂಗಿಯನ್ನು ಸರಿಯಾಗಿ ತೊಡುತ್ತಾರೆ.” ಶಕ್ತಿ ಕುಗ್ಗಿದ ಕೈ ತೊಡುವಾಗ ಮೊದಲು, ಕಳಚುವಾಗ ಕೊನೆಗೆ, ಇದು ನಮ್ಮ ವಿದ್ಯೆಯ ಹಳೆಯ ಸೂತ್ರ. ಕೊನೆಗೆ, ಇದಕ್ಕೆ ಥೆರಪಿಸ್ಟೇ ಏಕೆ ಬೇಕು ಎಂಬುದು. ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಕಾಣುವವರೆಗೆ ತಲೆ ತಿರುಗಿಸಲು ಕಲಿಸಬೇಕು. ಜ್ಞಾಪಿಸುವುದನ್ನು ಯಾವಾಗ, ಎಷ್ಟು ಕಡಿಮೆ ಮಾಡಬೇಕೆಂದು ನೋಡಿ ನಿರ್ಧರಿಸಬೇಕು. ಅದನ್ನು ಮನೆಯವರಿಗೂ ಕಲಿಸಿಕೊಡಬೇಕು.

ಹೆಂಡತಿ ಬೇಸತ್ತು “ಸ್ವಲ್ಪ ಜಾಸ್ತಿನೇ ಬರೆದುಬಿಡಿ ಮೇಡಂ” ಎಂದಿದ್ದರು. ನಾನು ಒಪ್ಪಲಿಲ್ಲ. ಸುಳ್ಳು ಬರೆಯುವುದು ತಪ್ಪು ಎಂಬುದು ಮೊದಲ ಮಾತು. ಎರಡನೆಯದು, ಕಂಪನಿಯವರು ನನ್ನ ವರದಿಯನ್ನು ಫಿಸಿಯೋಥೆರಪಿಸ್ಟರ, ನರ್ಸಿನ ಟಿಪ್ಪಣಿಗಳ ಪಕ್ಕದಲ್ಲಿಟ್ಟು ಓದುತ್ತಾರೆ. ಅಲ್ಲಿ 150 ಅಡಿ ನಡೆದರು ಎಂದಿದ್ದು ಇಲ್ಲಿ ಏಳಲಾರರು ಎಂದಿದ್ದರೆ ಎರಡನ್ನೂ ನಂಬುವುದಿಲ್ಲ.

ಮೇಲ್ಮನವಿಯ ಜೊತೆ ಆ ವರದಿ ಹೋಯಿತು. ಇನ್ನೂ 8 ಭೇಟಿಗಳು ಸಿಕ್ಕವು. ಅವು ಮುಗಿಯುವಾಗ ಅಂಗಿ 6ಕ್ಕೆ ಬಂದಿತ್ತು, ಊಟ 5ಕ್ಕೆ. ಸ್ನಾನ 4ರಲ್ಲೇ ನಿಂತಿತು, ಒಲೆಯ ಕೆಲಸ ಬೇಡವೆಂದೇ ಬರೆದೆ. ಹೆಂಡತಿ ಆ ವರದಿಯನ್ನೇ ತಮ್ಮ ಕಚೇರಿಗೆ ಕೊಟ್ಟು ಕೆಲಸದ ವೇಳೆ ಬದಲಿಸಿಕೊಂಡರು. ಸ್ನಾನ ಅವರು ಮನೆಯಲ್ಲಿರುವಾಗ ಮಾತ್ರ ಎಂದು ನಿಯಮವಾಯಿತು. ಅಜ್ಜಿಯ ಪಾಲಿಗೆ ಹೊಸ ಕೆಲಸ ಬಂತು: ಮಗನ ಎಡಗಡೆ ಕೂತು ಮಾತಾಡಿಸುವುದು.

ನಿಮ್ಮ ಮನೆಗೆ ಇಂಥ ವರದಿ ಬಂದರೆ ಮೂರು ವಿಷಯ ಹುಡುಕಿ. ಪ್ರತಿ ಅಂಕದ ಪಕ್ಕದಲ್ಲಿ ಕಣ್ಣಾರೆ ಕಂಡದ್ದು ಬರೆದಿದೆಯೇ? ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂಬುದಿದೆಯೇ? ಗುರಿಯಲ್ಲಿ ದಿನವೂ ಎಣಿಕೆಯೂ ಇವೆಯೇ? ಇಲ್ಲದಿದ್ದರೆ ಥೆರಪಿಸ್ಟರನ್ನು ಕೇಳಿ. ನಿರಾಕರಣೆಯ ಪತ್ರ ಬಂದರೆ ಅದರಲ್ಲಿರುವ ಕೊನೆಯ ದಿನಾಂಕ ನೋಡಿ. ಉದ್ಯೋಗದ ಮೂಲಕ ಬಂದ ವಿಮೆಯಲ್ಲಿ ಮೇಲ್ಮನವಿಗೆ ಸಾಮಾನ್ಯವಾಗಿ 180 ದಿನ ಇರುತ್ತದೆ. ಮತ್ತೆ, ಕಂಪನಿಯ ಫೋನ್ ಬಂದಾಗ “ಎಲ್ಲಾ ಚೆನ್ನಾಗಿದೆ” ಎನ್ನುವ ನಮ್ಮ ಅಭ್ಯಾಸವನ್ನು ಆ ಐದು ನಿಮಿಷ ಪಕ್ಕಕ್ಕಿಟ್ಟು, ಬೆಳಗ್ಗೆ ಅಂಗಿ ತೊಡಿಸಿದ್ದು ಯಾರು ಎಂಬುದನ್ನು ಹೇಳಿ.